7.4 ಬೇಕೆಂದು ಬೆರೆಸಿದರೆ 7.0 ಬರುವುದೇಕೆ?

ನಮ್ಮ ರಕ್ತದ ಪಿಎಚ್ ಸುಮಾರು 7.4. ಜೀವಕೋಶ, ಕಿಣ್ವ, ಪ್ರೋಟೀನುಗಳ ಮೇಲೆ ಪ್ರಯೋಗ ಮಾಡುವವರು ಅವುಗಳನ್ನು ಬರಿಯ ನೀರಿನಲ್ಲಿ ಇಡುವುದಿಲ್ಲ. ತುಸು ಆಮ್ಲವೋ ಕ್ಷಾರವೋ ಬಿದ್ದರೂ ಪಿಎಚ್ ಅಷ್ಟಾಗಿ ಕದಲದ ಬಫರ್ ದ್ರಾವಣದಲ್ಲಿ ಇಡುತ್ತಾರೆ. ಅಂಥವುಗಳಲ್ಲಿ ಹಳೆಯದು, ಅಗ್ಗದ್ದು ಫಾಸ್ಫೇಟ್ ಬಫರ್. ಪಿಎಚ್ ಎಂಬ ಅಳತೆಯನ್ನೇ 1909ರಲ್ಲಿ ಬಳಕೆಗೆ ತಂದ ಡೆನ್ಮಾರ್ಕಿನ ಸೊರೆನ್‌ಸೆನ್ ಕೂಡ ಇದನ್ನು ನೆಚ್ಚಿಕೊಂಡಿದ್ದರು.

ಇದಕ್ಕೆ ಬೇಕಾದವು ಎರಡೇ ಲವಣಗಳು. ಮಾನೊಸೋಡಿಯಂ ಫಾಸ್ಫೇಟ್ ಹತ್ತಿರ ಬಿಟ್ಟುಕೊಡಬಲ್ಲ ಒಂದು ಹೈಡ್ರೋಜನ್ ಇರುತ್ತದೆ. ಡೈಸೋಡಿಯಂ ಫಾಸ್ಫೇಟ್ ಅದನ್ನು ತೆಗೆದುಕೊಳ್ಳಬಲ್ಲದು. ಒಂದೊಂದನ್ನೂ 0.2 ಮೋಲಾರ್ ಪ್ರಮಾಣದಲ್ಲಿ ಬೇರೆ ಬೇರೆ ಬಾಟಲಿಯಲ್ಲಿ ಕರಗಿಸಿಡುತ್ತಾರೆ. ಇವೇ ಸ್ಟಾಕ್‌ಗಳು.

ಮೊದಲ ಎಡವಟ್ಟು ತಕ್ಕಡಿಯ ಹತ್ತಿರವೇ ಕಾದಿರುತ್ತದೆ. ಡೈಸೋಡಿಯಂ ಫಾಸ್ಫೇಟ್ ಅಂಗಡಿಯಲ್ಲಿ ಹಲವು ರೂಪದಲ್ಲಿ ಸಿಗುತ್ತದೆ. ನೀರಿನ ಅಂಶವಿಲ್ಲದ ಪುಡಿಯಾದರೆ ಲೀಟರಿಗೆ 28.4 ಗ್ರಾಂ ಸಾಕು. ಹರಳಿನೊಳಗೆ ಹನ್ನೆರಡು ನೀರಿನ ಅಣುಗಳನ್ನು ಹಿಡಿದುಕೊಂಡಿರುವ ರೂಪವಾದರೆ 71.6 ಗ್ರಾಂ ಬೇಕು. ಡಬ್ಬಿಯ ಚೀಟಿ ಓದದೆ ಎರಡನೆಯದನ್ನು 28.4 ಗ್ರಾಂ ತೂಗಿದರೆ, 0.2 ಎಂದುಕೊಂಡ ದ್ರಾವಣ 0.08ರಷ್ಟೂ ಇರುವುದಿಲ್ಲ. ಕಣ್ಣಿಗೆ ಇದು ಗೊತ್ತಾಗದು, ಎರಡೂ ತಿಳಿಯಾಗಿಯೇ ಇರುತ್ತವೆ.

ಸ್ಟಾಕ್ ಸರಿಯಾಗಿದೆ ಎಂದಿಟ್ಟುಕೊಳ್ಳೋಣ. 7.4ಕ್ಕೆ ಯಾವುದು ಎಷ್ಟು? ಪಠ್ಯಪುಸ್ತಕದ ಪ್ರಕಾರ ಎರಡು ಲವಣಗಳು ಸಮಪಾಲಿದ್ದಾಗ ಪಿಎಚ್ 7.2. ನಮಗೆ ಬೇಕಾದದ್ದು ಅದಕ್ಕಿಂತ 0.2 ಹೆಚ್ಚು, ಸೂತ್ರಕ್ಕೆ ಹಾಕಿದರೆ ಡೈಸೋಡಿಯಂ ಪಾಲು ಮಾನೊಸೋಡಿಯಂನ 1.58ರಷ್ಟಿರಬೇಕು. ಅಂದರೆ ನೂರು ಮಿಲಿಲೀಟರಿನಲ್ಲಿ 61 ಮತ್ತು 39. ಬೆರೆಸಿ, ನೀರು ಹಾಕಿ 200 ಮಿಲಿಲೀಟರ್ ಮಾಡಿ ಮೀಟರ್ ಅದ್ದಿದರೆ ಅದು ತೋರಿಸುವುದು 7.0ರ ಆಸುಪಾಸು. ಮೀಟರ್ ಕೆಟ್ಟಿದೆ ಎಂದು ಬೈಯುವವರೇ ಹೆಚ್ಚು. ಆದರೆ ಮೀಟರ್ ಹೇಳುತ್ತಿರುವುದು ನಿಜ.

ಆ 7.2 ಎಂಬ ಸಂಖ್ಯೆ ಅತ್ಯಂತ ತೆಳುವಾದ ದ್ರಾವಣಕ್ಕೆ ಸೇರಿದ್ದು. ದ್ರಾವಣ ಗಟ್ಟಿಯಾದಂತೆ, ಎರಡು ಋಣ ವಿದ್ಯುದಂಶ ಹೊತ್ತ ಫಾಸ್ಫೇಟ್ ಅಯಾನಿನ ಸುತ್ತ ಸೋಡಿಯಂ ಅಯಾನುಗಳು ಮುತ್ತಿಕೊಂಡು ಅದನ್ನು ಸಂಭಾಳಿಸುತ್ತವೆ. ಹಾಗಾದಾಗ ಅದಕ್ಕೆ ಹೈಡ್ರೋಜನ್ ಮೇಲಿನ ಸೆಳೆತ ಕಡಿಮೆಯಾಗುತ್ತದೆ. 0.1 ಮೋಲಾರ್ ಬಫರಿನಲ್ಲಿ ಆ 7.2 ಇಳಿದು ಸುಮಾರು 6.8 ಆಗಿರುತ್ತದೆ. ಅಳತೆ ಮಾಡಿ ಸಿದ್ಧಪಡಿಸಿದ ಹಳೆಯ ಕೋಷ್ಟಕಗಳು 7.4ಕ್ಕೆ 19 ಮಿಲಿಲೀಟರ್ ಮಾನೊ, 81 ಮಿಲಿಲೀಟರ್ ಡೈ ಎನ್ನುವುದು ಇದೇ ಕಾರಣಕ್ಕೆ. ಲೆಕ್ಕಕ್ಕಿಂತ ಕೋಷ್ಟಕವನ್ನು ನಂಬುವುದು ಲೇಸು.

ಇದರಿಂದಲೇ ಇನ್ನೊಂದು ವಿಷಯವೂ ಹೊರಡುತ್ತದೆ. ಗಟ್ಟಿ ಬಫರಿಗೆ ನೀರು ಬೆರೆಸಿದರೆ ಪಿಎಚ್ ತುಸು ಮೇಲೇರುತ್ತದೆ. ಆದ್ದರಿಂದ ಮೊದಲೇ ಅಳೆದು ಆಮೇಲೆ ನೀರು ತುಂಬುವುದು ತಪ್ಪು. ಬಹುಪಾಲು ನೀರು ಹಾಕಿ, ಅಳೆದು, ತಿದ್ದಿ, ಕೊನೆಯ ಕೆಲವು ಮಿಲಿಲೀಟರ್ ಮಾತ್ರ ಉಳಿಸಿಕೊಳ್ಳಬೇಕು.

ಅಳೆಯುವ ಮುನ್ನ ಮೀಟರಿಗೆ ಪಿಎಚ್ ಗೊತ್ತಿರುವ ದ್ರಾವಣಗಳನ್ನು ತೋರಿಸಿ ಹೊಂದಿಸಬೇಕು. 7.4 ಅಳೆಯುವುದಿದ್ದರೆ 7.0 ಮತ್ತು 9.2ರ ಬಫರ್‌ಗಳು ಸರಿ, ಏಕೆಂದರೆ ನಮ್ಮ ಸಂಖ್ಯೆ ಅವೆರಡರ ನಡುವೆ ಬರುತ್ತದೆ. ಸುಸ್ಥಿತಿಯಲ್ಲಿರುವ ಗಾಜಿನ ಎಲೆಕ್ಟ್ರೋಡ್ 25 ಡಿಗ್ರಿಯಲ್ಲಿ ಒಂದು ಪಿಎಚ್‌ಗೆ ಸುಮಾರು 59 ಮಿಲಿವೋಲ್ಟ್ ಕೊಡುತ್ತದೆ. ಮೀಟರ್ ಇದನ್ನು ಶೇಕಡಾವಾರು ‘ಸ್ಲೋಪ್’ ಎಂದು ತೋರಿಸುತ್ತದೆ. 95ಕ್ಕಿಂತ ಕೆಳಗಿದ್ದರೆ ಎಲೆಕ್ಟ್ರೋಡ್ ಕೊಳೆಯಾಗಿದೆ ಅಥವಾ ಮುದಿಯಾಗಿದೆ. ಸಂಖ್ಯೆ ನಿಲ್ಲದೆ ತೇಲುತ್ತಿದ್ದರೂ ಅದೇ ಅನುಮಾನ. ಅದನ್ನು ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಹಾಕಿಡುವ ಅಭ್ಯಾಸವೇ ಎಷ್ಟೋ ಎಲೆಕ್ಟ್ರೋಡ್‌ಗಳನ್ನು ಕೊಂದಿದೆ. ಇಡಬೇಕಾದದ್ದು 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ.

ಈಗ ಮೀಟರ್ 7.36 ಎನ್ನುತ್ತಿದೆ ಎನ್ನಿ. ಡೈ ಸ್ಟಾಕನ್ನೇ ಸ್ವಲ್ಪಸ್ವಲ್ಪವಾಗಿ ಸೇರಿಸುತ್ತಾ ಪ್ರತಿ ಸಲವೂ ಕಲಕಿ ಕಾಯಬೇಕು. ಸೋಡಿಯಂ ಹೈಡ್ರಾಕ್ಸೈಡ್ ಹಾಕಿದರೂ ತಪ್ಪೇನಿಲ್ಲ, ಅದು ಮಾನೊವನ್ನೇ ಡೈ ಆಗಿ ಮಾರ್ಪಡಿಸುತ್ತದೆ. ತೊಂದರೆ ಶುರುವಾಗುವುದು ಅದು ಹೆಚ್ಚಾಗಿ, ಇಳಿಸಲು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಕೈ ಹಾಕಿದಾಗ. ಏರಿಸಿ ಇಳಿಸಿದ ಪ್ರತಿ ಸಲವೂ ಬಫರಿನಲ್ಲಿ ಲೆಕ್ಕಕ್ಕಿಲ್ಲದ ಅಡುಗೆ ಉಪ್ಪು ಉಳಿಯುತ್ತದೆ. ಪಿಎಚ್ ಸರಿ ಬಂದರೂ ದ್ರಾವಣ ಬೇರೆಯದೇ ಆಗಿರುತ್ತದೆ.

ಉಳಿದ ಸ್ಟಾಕನ್ನು ಫ್ರಿಜ್ಜಿನಲ್ಲಿಟ್ಟರೆ ಡೈಸೋಡಿಯಂ ಬಾಟಲಿಯ ತಳದಲ್ಲಿ ಹರಳು ಕಟ್ಟಬಹುದು, ತಣ್ಣೀರಿನಲ್ಲಿ ಅದು ಕರಗುವುದು ಕಡಿಮೆ. ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಂಡರೆ ಅದು 0.2 ಮೋಲಾರ್ ಆಗಿರುವುದಿಲ್ಲ. ಬಾಟಲಿಯನ್ನು ಬೆಚ್ಚಗೆ ಮಾಡಿ, ಹರಳೆಲ್ಲ ಕರಗುವ ತನಕ ಕುಲುಕಿ, ಕೋಣೆಯ ಬಿಸಿಗೆ ಬಂದ ಮೇಲೆಯೇ ಅಳೆದುಕೊಳ್ಳಬೇಕು.