Nd7 ಎಂದರೆ ಯಾವ ಕುದುರೆ?

ಮಕ್ಕಳ ಚೆಸ್ ಟೂರ್ನಿ ನಡೆಯುವ ಕಡೆ ಹೋದರೆ ಒಂದು ನೋಟ ತಪ್ಪದು. ಒಂದು ಸುತ್ತು ಮುಗಿಸಿ ಮಗು ಹೊರಗೆ ಬರುತ್ತದೆ, ಕೈಯಲ್ಲಿ ತೆಳ್ಳಗಿನ ಬಣ್ಣದ ಹಾಳೆ. ಅಪ್ಪನೋ ಅಮ್ಮನೋ ಅದನ್ನು ತೊಡೆಯ ಮೇಲೆ ಹರಡಿ ಫೋಟೊ ತೆಗೆದು ಕೋಚ್‌ಗೆ ಕಳಿಸುತ್ತಾರೆ. ಮಗು ಎಲ್ಲಿ ಎಡವಿತು ಎಂಬುದೆಲ್ಲ ಅದರಲ್ಲೇ ಇದೆ. ಕಳಿಸಿದವರಿಗೆ ಮಾತ್ರ ಒಂದಕ್ಷರವೂ ತಿಳಿಯುವುದಿಲ್ಲ. ನನ್ನ ತಂಗಿಯೂ ಮೊನ್ನೆ ಮಗಳ ತರಗತಿಯ ಅಭ್ಯಾಸದ ಹಾಳೆಯೊಂದರ ಫೋಟೊ ಕಳಿಸಿ, "ಅಕ್ಕಾ, ಇದೇನಿದು, ಬಸ್ಸಿನ ನಂಬರ್‌ಗಳ ಪಟ್ಟಿ ಇದ್ದಹಾಗಿದೆ" ಎಂದು ಬರೆದಿದ್ದಳು. ಹಾಳೆಯಲ್ಲಿದ್ದದ್ದು 1858ರಲ್ಲಿ ಪ್ಯಾರಿಸ್‌ನ ಒಪೆರಾ ಮಂದಿರದಲ್ಲಿ ಅಮೆರಿಕದ ಪಾಲ್ ಮಾರ್ಫಿ ಬಿಳಿ ಕಾಯಿ ಹಿಡಿದು ಆಡಿದ ಆಟ. ಎದುರಿಗೆ ಬ್ರನ್ಸ್‌ವಿಕ್‌ನ ಡ್ಯೂಕ್ ಮತ್ತು ಇಸುವಾರ್ ಎಂಬ ಕೌಂಟ್, ಇಬ್ಬರೂ ಸೇರಿ ಕಪ್ಪು. ಬರವಣಿಗೆ ಕಲಿಸಲು ಮೇಷ್ಟ್ರುಗಳು ಈ ಆಟವನ್ನು ಇಷ್ಟಪಡುವುದಕ್ಕೆ ಕಾರಣವಿದೆ: ಹದಿನೇಳೇ ನಡೆ, ಅಷ್ಟರಲ್ಲೇ ಹೊಡೆತ, ಚೆಕ್, ಕ್ಯಾಸ್ಲಿಂಗ್, ಮೇಟ್ ಎಲ್ಲವೂ ಬಂದುಹೋಗುತ್ತವೆ.

ಹುಡುಗಿ ಬರೆದದ್ದನ್ನು ಹಾಗೆಯೇ ಕೆಳಗೆ ಕೊಟ್ಟಿದ್ದೇನೆ. ಫೋಟೊದಲ್ಲಿ ಫ್ಲ್ಯಾಶ್ ಬೆಳಕು ನುಂಗಿದ ಕಡೆ, ಅಕ್ಷರ ಕಲಸಿದ ಕಡೆ ಚುಕ್ಕಿ ಇಟ್ಟಿದ್ದೇನೆ.

```
 1. e4     e5
 2. Nf3    d6
 3. d4     Bg4
 4. dxe5   Bxf3
 5. Qxf3   dxe5
 6. Bc4    Nf6
 7. Qb3    Q.7
 8. Nc3    c6
 9. Bg5    b5
10. Nxb5   cxb5
11. Bxb5+  Nd7
12. 0-0..  Rd8
13. Rd7    Rd7
14. Rd1    Qe6
15. Bxd7   Nxd7
16. Qb8+   Nxb8
17. Rd8#   1-0
```

ಎಡಗಡೆಯ ಅಂಕಣ ಬಿಳಿಯದು, ಬಲಗಡೆಯದು ಕಪ್ಪಿನದು. ಒಂದು ಸಾಲು ಎಂದರೆ ಇಬ್ಬರ ಒಂದೊಂದು ನಡೆ. ಓದುವ ಮೊದಲು ಮನೆಯ ಚೆಸ್ ಬೋರ್ಡನ್ನು ಎದುರಿಗೆ ಇಟ್ಟುಕೊಂಡು ಕಾಯಿ ಜೋಡಿಸಿ, ಬಿಳಿ ನಿಮ್ಮ ಕಡೆಗಿರಲಿ. ಬೋರ್ಡ್ ಇಲ್ಲದೆ ಹಾಳೆ ಓದುವುದು ಪಳಗಿದವರಿಗಷ್ಟೇ ಸಾಧ್ಯ.

ಪ್ರತಿ ಮನೆಗೂ ಒಂದು ವಿಳಾಸ ಉಂಟು. ಬಿಳಿ ಆಡುವವರ ಎಡದಿಂದ ಬಲಕ್ಕೆ a ಇಂದ h ತನಕ ಎಂಟು ಉದ್ದಸಾಲು. ಅವರ ಹತ್ತಿರದಿಂದ ಎದುರಾಳಿಯ ಕಡೆಗೆ 1ರಿಂದ 8. ಅಕ್ಷರ ಮೊದಲು, ಅಂಕಿ ಆಮೇಲೆ. ಬಿಳಿ ರಾಜ ಆಟದ ಶುರುವಿನಲ್ಲಿ e1ರಲ್ಲಿ, ಕಪ್ಪು ರಾಜ e8ರಲ್ಲಿ. ಕಪ್ಪು ಆಡುವವರಿಗೂ ಇದೇ ವಿಳಾಸ, ಅವರ ಕಡೆಯಿಂದ ಬೇರೆ ಎಣಿಕೆಯಿಲ್ಲ. ಹೊಸಬರು ಕಪ್ಪಿನಲ್ಲಿ ಆಡುವಾಗ d, e ಅದಲುಬದಲು ಬರೆಯುವುದು ಇದನ್ನು ಮರೆತಾಗಲೇ.

ಕಾಯಿಗೆ ಇಂಗ್ಲಿಷಿನ ದೊಡ್ಡಕ್ಷರ: ರಾಜ K, ಮಂತ್ರಿ Q, ಆನೆ R, ಒಂಟೆ B. ಕುದುರೆಗೂ K ಬರಬೇಕಿತ್ತು, ರಾಜ ಅದನ್ನು ಮೊದಲೇ ಹಿಡಿದಿರುವುದರಿಂದ N. ಕಾಲಾಳುವಿಗೆ ಅಕ್ಷರವೇ ಇಲ್ಲ, ಅದು ಹೋಗಿ ನಿಂತ ಮನೆಯನ್ನಷ್ಟೇ ಬರೆದರೆ ಸಾಕು. ಹಾಗಾಗಿ ಮೊದಲ ಸಾಲಿನ e4 ಎಂದರೆ ಬಿಳಿಯ ಕಾಲಾಳು e4ಕ್ಕೆ ಬಂತು, e5 ಎಂದರೆ ಕಪ್ಪಿನ ಕಾಲಾಳು ಅದರ ಎದುರಿಗೆ ನಿಂತಿತು. Nf3 ಎಂದರೆ ಕುದುರೆ f3ಕ್ಕೆ. ಎಲ್ಲಿಂದ ಹೊರಟಿತು ಎಂದು ಬರೆಯುವ ಪದ್ಧತಿಯಿಲ್ಲ, ಸೇರಿದ ಮನೆ ಮಾತ್ರ. ಫೋಟೊ ಓದುವವರಿಗೆ ಸುಖವೂ ಕಷ್ಟವೂ ಇಲ್ಲಿಂದಲೇ ಶುರು.

(ಅಂತರ್ಜಾಲದಲ್ಲಿ ಹಳೆಯ ದೊಡ್ಡ ಆಟಗಾರರ ಹಾಳೆಗಳ ಫೋಟೊ ಸಿಕ್ಕರೆ ಒಂದು ಎಚ್ಚರ. ರಷ್ಯನ್ ಹಾಳೆಯಲ್ಲಿ К ಕಂಡರೆ ಅದು ಕುದುರೆ, ರಾಜನಿಗೆ ಅಲ್ಲಿ Кр. ಜರ್ಮನ್ ಹಾಳೆಯಲ್ಲಿ ಕುದುರೆ S, ಮಂತ್ರಿ D. P-K4 ಎಂಬಂಥದ್ದು ಕಂಡರೆ ಅದು ಇಂಗ್ಲಿಷ್ ನಾಡುಗಳ ಹಳೆಯ ಪದ್ಧತಿ, ಇಲ್ಲಿ ಹೇಳುತ್ತಿರುವ ಲೆಕ್ಕ ಅದಕ್ಕೆ ನಡೆಯದು.)

ಮೂರನೆಯ ಸಾಲಿನ ತನಕ ಸಲೀಸು. ನಾಲ್ಕನೆಯದರಲ್ಲಿ dxe5. ನಡುವಿನ x ಹೊಡೆತದ ಗುರುತು. ಮುಂದೆ ದೊಡ್ಡಕ್ಷರವಿಲ್ಲ, ಸಣ್ಣ d ಇದೆ. ಅಂದರೆ ಹೊಡೆದದ್ದು d ಸಾಲಿನ ಕಾಲಾಳು, ಹೊಡೆದು ನಿಂತದ್ದು e5ರಲ್ಲಿ. ಏನನ್ನು ಹೊಡೆಯಿತು ಎಂದು ಹಾಳೆ ಹೇಳುವುದಿಲ್ಲ, ಬೋರ್ಡ್ ನೋಡಬೇಕು: ಅಲ್ಲಿ ಕಪ್ಪು ಕಾಲಾಳು ಕೂತಿತ್ತು. ಉತ್ತರವಾಗಿ Bxf3, ಕಪ್ಪು ಒಂಟೆ ಬಿಳಿ ಕುದುರೆಯನ್ನು ತಿಂದಿತು. Qxf3, ಮಂತ್ರಿ ಆ ಒಂಟೆಯನ್ನು ತಿಂದಿತು. ಕೊನೆಗೆ ಕಪ್ಪಿನ dxe5. ನಾಲ್ಕನೇ ಸಾಲಿನ ಬಿಳಿಯ ನಡೆಗೂ ಇದಕ್ಕೂ ಅಕ್ಷರದಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ, ಯಾವ ಅಂಕಣದಲ್ಲಿದೆ ಎಂಬುದರಿಂದಲೇ ಯಾರ ಕಾಲಾಳು ಎಂದು ತಿಳಿಯಬೇಕು.

ಸಣ್ಣ b, ದೊಡ್ಡ B ಎರಡರ ಗೊಂದಲ ಇನ್ನೊಂದು. ಹತ್ತು ವರ್ಷದ ಮಕ್ಕಳ ಕೈಬರಹದಲ್ಲಿ b, B, 6, 8 ನಾಲ್ಕೂ ಒಂದೇ ತಾಯಿಯ ಮಕ್ಕಳು. ಹನ್ನೊಂದನೇ ಸಾಲಿನ Bxb5 ಫೋಟೊದಲ್ಲಿ bxb5 ಎಂದೇ ಕಾಣುತ್ತಿತ್ತು. ಆದರೆ ಕಾಲಾಳು ಹೊಡೆಯುವುದು ಓರೆಯಾಗಿ, ಪಕ್ಕದ ಸಾಲಿಗೆ. B ಸಾಲಿನ ಕಾಲಾಳು b ಸಾಲಿನಲ್ಲೇ ಹೊಡೆಯುವುದು ಆಗದ ಮಾತು. ಆದ್ದರಿಂದ ಅದು ಒಂಟೆ. ಒಂಬತ್ತನೇ ಸಾಲಿನ b5 ಹಾಗೆಯೇ 65 ಎಂದು ಕಂಡಿತು. ಅಂಕಿಯಿಂದ ಶುರುವಾಗುವ ಮನೆಯೇ ಇಲ್ಲ.

ಏಳನೇ ಸಾಲಿನ ಚುಕ್ಕಿಗೆ ಬರೋಣ. ಕಪ್ಪು ಮಂತ್ರಿ ಎಲ್ಲಿಗೆ ಹೋಯಿತು? e ಇರಬಹುದು, c ಇರಬಹುದು, ಪೆನ್ನಿನ ಅಡ್ಡಗೆರೆ ಮಸುಕಾಗಿದೆ. d8ರಲ್ಲಿರುವ ಮಂತ್ರಿ e7, c7 ಎರಡಕ್ಕೂ ಓರೆಯಾಗಿ ಒಂದೇ ಹೆಜ್ಜೆ ದೂರ. ಈಗ ಬೋರ್ಡ್ ನೋಡಿ: c7ರಲ್ಲಿ ಕಪ್ಪಿನದೇ ಕಾಲಾಳು ಇನ್ನೂ ಕದಲಿಲ್ಲ, ಅದು ಹೊರಡುವುದು ಮುಂದಿನ ಸಾಲಿನಲ್ಲಿ, c6 ಎಂದು. ತನ್ನ ಕಾಯಿ ಕೂತ ಮನೆಗೆ ತಾನೇ ಹೋಗುವಂತಿಲ್ಲ. ಹಾಗಾಗಿ Qe7.

ಹನ್ನೊಂದನೇ ಸಾಲಿನ ಕೊನೆಯಲ್ಲಿರುವ + ಚೆಕ್‌ನ ಗುರುತು. b5ರ ಒಂಟೆಯಿಂದ e8ರ ರಾಜನ ತನಕ ಓರೆಗೆರೆ ಎಳೆದು ನೋಡಿ, ನಡುವಿನ c6, d7 ಖಾಲಿ. ಕಪ್ಪು ಕುದುರೆಯನ್ನು ಅಡ್ಡ ತಂದಿತು: Nd7. ಯಾವ ಕುದುರೆ? b8ರಲ್ಲಿ ಒಂದಿದೆ, f6ರಲ್ಲಿ ಇನ್ನೊಂದಿದೆ, ಎರಡೂ d7ಕ್ಕೆ ಹಾರಬಲ್ಲವು. ಇಂಥಲ್ಲಿ ಹೊರಟ ಸಾಲಿನ ಅಕ್ಷರವನ್ನು ನಡುವೆ ಸೇರಿಸಿ Nbd7 ಅಥವಾ Nfd7 ಎಂದು ಬರೆಯಲೇಬೇಕು. ಎರಡೂ ಒಂದೇ ಉದ್ದಸಾಲಿನಲ್ಲಿದ್ದರೆ ಅಕ್ಷರದ ಬದಲು ಅಂಕಿ, N1d2 ಎಂಬಂತೆ. ಹುಡುಗಿ ಅದನ್ನು ಬಿಟ್ಟಿದ್ದಾಳೆ. ಮಕ್ಕಳ ಹಾಳೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವ ತಪ್ಪು ಇದೇ ಎಂದು ನನ್ನ ಅನಿಸಿಕೆ, ಏಕೆಂದರೆ ಬರೆದದ್ದು ನೋಡಲು ಸರಿಯಾಗಿಯೇ ಇರುತ್ತದೆ. ತಪ್ಪು ಕುದುರೆ ಎತ್ತಿಟ್ಟು ಮುಂದೆ ಹೋದವರು ಬೇರೆಯೇ ಆಟ ನೋಡುತ್ತಿರುತ್ತಾರೆ.

ಉತ್ತರ ಒಂದೇ ಸಾಲು ಕೆಳಗಿದೆ. ಕಪ್ಪಿನ ಮುಂದಿನ ನಡೆ Rd8. h8ರ ಆನೆಗೆ f8ರ ಒಂಟೆ ಅಡ್ಡ, ಆಚೆಗೆ ರಾಜ, ಅದು ಬರಲಾರದು. ಬರಬೇಕಾದ್ದು a8ರ ಆನೆ, b8 ದಾಟಿಯೇ ಬರಬೇಕು. b8ರಲ್ಲಿ ಕುದುರೆ ಕೂತಿದ್ದರೆ ಆನೆಗೆ ದಾರಿಯಿಲ್ಲ. ಅಂದಮೇಲೆ d7ಕ್ಕೆ ಹಾರಿದ್ದು b8ರ ಕುದುರೆಯೇ. ಸಂಶಯ ಬಂದಲ್ಲಿ ಎರಡೂ ಸಾಧ್ಯತೆ ಹಿಡಿದು ಮುಂದೆ ಆಡುತ್ತಾ ಹೋಗಿ, ಯಾವುದು ಸಿಕ್ಕಿಹಾಕಿಕೊಳ್ಳುತ್ತದೋ ಅದನ್ನು ಕೈಬಿಡಿ. ಕೆಲವೊಮ್ಮೆ ಹತ್ತು ನಡೆ ಕಳೆದ ಮೇಲೆ ಸಿಕ್ಕಿಹಾಕಿಕೊಳ್ಳುವುದೂ ಉಂಟು.

ಹನ್ನೆರಡನೇ ಸಾಲು ಕ್ಯಾಸ್ಲಿಂಗ್. ರಾಜ, ಆನೆ ಎರಡೂ ಒಟ್ಟಿಗೆ ಸರಿಯುವ ಒಂದೇ ನಡೆ ಇದು, ಅದಕ್ಕೇ ಮನೆಯ ವಿಳಾಸ ಬರೆಯುವುದಿಲ್ಲ. ಎರಡು ಸೊನ್ನೆ, 0-0, ಎಂದರೆ ರಾಜ ತನ್ನ ಹತ್ತಿರದ ಆನೆಯ ಕಡೆಗೆ: ಬಿಳಿಯಾದರೆ ರಾಜ g1ಕ್ಕೆ, ಆನೆ f1ಕ್ಕೆ. ಮೂರು ಸೊನ್ನೆ, 0-0-0, ಎಂದರೆ ದೂರದ ಆನೆಯ ಕಡೆಗೆ: ರಾಜ c1ಕ್ಕೆ, ಆನೆ d1ಕ್ಕೆ. ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ O ಬರೆದಿದ್ದರೂ ಅರ್ಥ ಅದೇ. ಫೋಟೊದಲ್ಲಿ ಎರಡು ಸೊನ್ನೆ ಕಾಣುತ್ತವೆ, ಆಮೇಲಿನದು ಬೆಳಕಿನಲ್ಲಿ ಮಾಯ. ಆ ಹೊತ್ತಿಗೆ ಬಿಳಿಗೆ ಎರಡೂ ಕಡೆ ದಾರಿ ತೆರೆದೇ ಇತ್ತು, ಹಾಗಾಗಿ ಆ ಸಾಲಿನಿಂದ ಮಾತ್ರ ನಿರ್ಧಾರವಾಗದು. ಕೆಳಗಿನ ಸಾಲು Rd7. ಬಿಳಿ ಆನೆಯೊಂದು ನೇರ d7ಕ್ಕೆ ಹೋಗಿದೆ; d1ರಲ್ಲಿ ಆನೆ ಇದ್ದರೆ ಮಾತ್ರ ಅದು ಸಾಧ್ಯ. f1ರ ಆನೆಯಾಗಲಿ a1ರ ಆನೆಯಾಗಲಿ ಒಂದೇ ನೆಗೆತಕ್ಕೆ d7 ಮುಟ್ಟಲಾರವು. ಮೂರು ಸೊನ್ನೆಯೇ.

ಆ ಸಾಲನ್ನೇ ಇನ್ನೊಮ್ಮೆ ನೋಡಿ: ಬಿಳಿಗೂ Rd7, ಕಪ್ಪಿಗೂ Rd7. x ಇಲ್ಲ. ಒಂದೇ ಮನೆಗೆ ಬೆನ್ನುಬೆನ್ನಿಗೆ ಇಬ್ಬರೂ ಬಂದರೆ ಎರಡನೆಯವರು ಮೊದಲನೆಯವರನ್ನು ಹೊಡೆದಿದ್ದಾರೆ ಎಂದೇ ಅರ್ಥ. ಮೊದಲನೆಯದೂ ಹೊಡೆತವೇ, d7ರಲ್ಲಿ ಕುದುರೆ ಕೂತಿತ್ತಲ್ಲ. x ಬರೆಯದ್ದಕ್ಕೆ ಹುಡುಗಿಯನ್ನು ಬೈಯುವ ಹಾಗಿಲ್ಲ. ಜಾಗತಿಕ ಚೆಸ್ ಒಕ್ಕೂಟವಾದ ಫಿಡೆಯ ನಿಯಮದಲ್ಲಿ ಹೊಡೆತದ x, ಚೆಕ್‌ನ +, ಮೇಟ್‌ನ # ಇವೆಲ್ಲ ಬರೆದರೂ ಸರಿ, ಬಿಟ್ಟರೂ ಸರಿ. ಹದಿನೈದನೇ ಸಾಲಿನ Bxd7 ಕೂಡ ಚೆಕ್, ರಾಜನ ಪಕ್ಕದ ಮನೆಗೇ ಒಂಟೆ ಬಂದು ನಿಂತಿದೆ, ಅಲ್ಲಿ + ಬಿಟ್ಟುಹೋಗಿದೆ. ಗುರುತು ಇಲ್ಲವೆಂದು ಚೆಕ್ ಇಲ್ಲ ಎಂದುಕೊಳ್ಳಬೇಡಿ. ! ಮತ್ತು ? ಗುರುತುಗಳು ಪುಸ್ತಕದಲ್ಲಿ ವಿಮರ್ಶಕರು ಸೇರಿಸುವಂಥವು, ಆಡುವಾಗ ಬರೆಯುವಂಥವಲ್ಲ. ಆವರಣದಲ್ಲಿ (=) ಕಂಡರೆ ಆ ನಡೆಯಲ್ಲಿ ಡ್ರಾ ಕೇಳಿದ್ದಾರೆ ಎಂದರ್ಥ. ಈ ಆಟದಲ್ಲಿ ಬಾರದ ಇನ್ನೊಂದು ಬರಹ e8=Q: ಕಾಲಾಳು ಕೊನೆಯ ಸಾಲು ಮುಟ್ಟಿ ಮಂತ್ರಿಯಾಯಿತು.

ಇನ್ನು ಉಳಿದದ್ದು ಆಟದ ಸೊಗಸು. Rd1, ಇನ್ನೊಂದು ಆನೆಯೂ h1ರಿಂದ d ಸಾಲಿಗೆ. ಒಂಟೆ d7ರಲ್ಲಿ ಆನೆಯನ್ನು ತಿಂದಾಗ ಅದನ್ನು f6ರ ಕುದುರೆ ತಿನ್ನುತ್ತದೆ. ಆಮೇಲೆ Qb8+, ಮಂತ್ರಿಯನ್ನೇ ಬಲಿ ಕೊಡುವ ನಡೆ. ಹೊಡೆಯದೆ ಕಪ್ಪಿಗೆ ಬೇರೆ ಗತಿಯಿಲ್ಲ, d7ರ ಕುದುರೆ b8ಕ್ಕೆ ಹೋಗಿ ಮಂತ್ರಿಯನ್ನು ತಿನ್ನುತ್ತದೆ, d ಸಾಲು ಬಯಲಾಗುತ್ತದೆ. Rd8#. ಆನೆಯ ಬೆನ್ನಿಗೆ g5ರ ಒಂಟೆ ಕಾವಲಿದೆ, ರಾಜನಿಗೆ ಓಡಲು ಒಂದು ಮನೆಯೂ ಇಲ್ಲ. 1-0 ಎಂದರೆ ಬಿಳಿಗೆ ಗೆಲುವು, 0-1 ಕಪ್ಪಿಗೆ, ಡ್ರಾ ಆದರೆ ½-½.

ಫೋಟೊ ತೆಗೆಯುವವರಿಗೆ ಒಂದು ಮಾತು. ಟೂರ್ನಿಗಳಲ್ಲಿ ಮೇಲಿನ ಪ್ರತಿ ತೀರ್ಪುಗಾರರಿಗೆ ಹೋಗಿ ಕೈಗೆ ಉಳಿಯುವುದು ಸಾಮಾನ್ಯವಾಗಿ ಕಾರ್ಬನ್ ಪ್ರತಿ, ಮೊದಲೇ ಮಸುಕು. ಫ್ಲ್ಯಾಶ್ ಆರಿಸಿ, ಹಾಳೆಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿ, ನೆತ್ತಿಯ ಮೇಲಿಂದ ನೇರವಾಗಿ ತೆಗೆಯಿರಿ, ನಾಲ್ಕೂ ಅಂಚು ಚಿತ್ರದೊಳಗಿರಲಿ. ಕಲಸಿದ ಅಕ್ಷರ ಯಾವುದೆಂದು ಮಗುವನ್ನು ಆ ದಿನವೇ ಕೇಳಿ ಪಕ್ಕದಲ್ಲಿ ಪೆನ್ಸಿಲ್ ಗುರುತು ಹಾಕಿಡಿ. ವಾರ ಕಳೆದರೆ ಬರೆದವರಿಗೂ ನೆನಪಿರುವುದಿಲ್ಲ.