ಅಕ್ಕನ ಮಗಳ ಹೋಂವರ್ಕ್‌ಗೆ ‘ಶೇ. 86 ಎಐ’ ಅಂತ ಬಂದಾಗ

ಹೋದ ತಿಂಗಳು ಚನ್ನರಾಯಪಟ್ಟಣದಿಂದ ಅಕ್ಕ ಫೋನ್ ಮಾಡಿದಳು. "ನಿನ್ನ ಸೊಸೆ ಪ್ರಬಂಧ ಅವಳು ಬರೆದಿದ್ದೇ ಅಲ್ವಂತೆ ಕಣೋ, ಎಐ ಬರೆದಿದ್ದಂತೆ. ಸ್ಕೂಲಿಂದ ಮೆಸೇಜ್ ಬಂದಿದೆ." ಎಂಟನೇ ಕ್ಲಾಸಿನ ಹುಡುಗಿ, ಗೊರೂರಿನ ಹೇಮಾವತಿ ಅಣೆಕಟ್ಟಿನ ಬಗ್ಗೆ ಇಂಗ್ಲಿಷಿನಲ್ಲಿ ಬರೆದಿದ್ದಳು. ಫೋನಿನ ಆ ಕಡೆ ಅವಳು ಅಳೋದು ಕೇಳಿಸ್ತಿತ್ತು.

ಶನಿವಾರ ಹಾಸನದಿಂದ ಹೋಗಿ ರಿಪೋರ್ಟ್ ನೋಡಿದೆ. ಇಂಥ ಡಿಟೆಕ್ಟರ್‌ಗೆ ಯಾರು ಬರೆದರು ಅಂತ ಗೊತ್ತಿರೋದಿಲ್ಲ. ಮುಂದಿನ ಪದವನ್ನು ಎಷ್ಟು ಸುಲಭವಾಗಿ ಊಹಿಸಬಹುದು ಅನ್ನೋದನ್ನು ಅದು ಮುಖ್ಯವಾಗಿ ಅಳೆಯುತ್ತೆ. ‘ದಿ ಡ್ಯಾಮ್ ಪ್ಲೇಸ್ ಆನ್ ಇಂಪಾರ್ಟೆಂಟ್’ ಅಂದ ಮೇಲೆ ‘ರೋಲ್’ ಬರುತ್ತೆ ಅಂತ ನೀವೂ ಹೇಳ್ತೀರಿ. ಇಂಥ ವಾಕ್ಯಗಳೇ ಸಾಲಾಗಿ, ಒಂದೇ ಉದ್ದದಲ್ಲಿ ಬಂದರೆ ಯಂತ್ರದ ಬರಹ ಅನ್ನುತ್ತೆ. ನಮ್ಮ ಟ್ಯೂಷನ್‌ಗಳಲ್ಲಿ ಬಾಯಿಪಾಠ ಮಾಡಿಸೋದು ಇದೇ ಇಂಗ್ಲಿಷನ್ನಲ್ವಾ! "ಅಜ್ಜಿ ಗದ್ದೆಗೆ ನಾಲೆ ನೀರು ಬಂದಾಗ ಏಡಿ ಹಿಡಿದ್ವಿ" ಅಂತ ಅವಳು ಬರೆದ ಸಾಲಿಗೆ ಮಾತ್ರ ಬಣ್ಣ ಬಳಿದಿರಲಿಲ್ಲ.

2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಗ್ಲಿಷ್ ಮಾತೃಭಾಷೆಯಲ್ಲದವರ 91 ಟೋಫೆಲ್ ಪ್ರಬಂಧಗಳನ್ನು ಏಳು ಡಿಟೆಕ್ಟರ್‌ಗಳಿಗೆ ಕೊಟ್ಟು ನೋಡಿದರು. ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳಿಗೆ ತಪ್ಪಾಗಿ ಯಂತ್ರದ ಮುದ್ರೆ ಬಿತ್ತು. ಅಮೆರಿಕದ ಎಂಟನೇ ಕ್ಲಾಸ್ ಮಕ್ಕಳ ಪ್ರಬಂಧಗಳು ಬಹುತೇಕ ಪಾಸಾದವು. ಚಾಟ್‌ಜಿಪಿಟಿ ಮಾಡಿದ ಓಪನ್ಎಐ ಕೂಡ ತನ್ನದೇ ಡಿಟೆಕ್ಟರನ್ನು ನಿಖರತೆ ಸಾಲದು ಅಂತ ಅದೇ ವರ್ಷ ಜುಲೈನಲ್ಲಿ ವಾಪಸ್ ತಗೊಂಡಿತು. ಹಾಗಾಗಿ ಆ 86ನ್ನು ಪರೀಕ್ಷೆಯ ಮಾರ್ಕ್ಸ್ ಥರ ಓದಬೇಡಿ. ಶೇಕಡಾ 86 ಭಾಗ ಕದ್ದಿದ್ದಾಳೆ ಅಂತಲೂ ಅದರರ್ಥ ಅಲ್ಲ.

ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ಅವಳ ಗೂಗಲ್ ಡಾಕ್ಸ್ ತೆರೆದೆ. File > Version history > See version history ಒತ್ತಿದರೆ ಯಾವಾಗ ಏನು ಟೈಪ್ ಆಯ್ತು ಅನ್ನೋದು ಹಂತಹಂತವಾಗಿ ಕಾಣುತ್ತೆ. ಎರಡು ಸಂಜೆ ಕೂತು ಬರೆದಿದ್ದಳು, ಅಳಿಸಿ ತಿದ್ದಿದ್ದೂ ಇತ್ತು. ಕೊನೆಯ ಪ್ಯಾರಾ ಮಾತ್ರ ಒಂದೇ ಏಟಿಗೆ ಬಂದು ಕೂತಿತ್ತು. ಅದು ಪೇಸ್ಟ್ ಮಾಡಿದ್ದರ ಗುರುತು. ಆದರೆ ಎಲ್ಲಿಂದ ಅನ್ನೋದು ಅದರಿಂದ ಗೊತ್ತಾಗಲ್ಲ.

"ಇದೆಲ್ಲಿಂದ ಪುಟ್ಟಿ?"

"ಕನ್ನಡದಲ್ಲಿ ಬರೆದು ಟ್ರಾನ್ಸ್‌ಲೇಟ್‌ಗೆ ಹಾಕ್ದೆ ಮಾಮ. ಅದೂ ತಪ್ಪಾ?"

ಯೋಚನೆ ಅವಳದು, ಇಂಗ್ಲಿಷ್ ಯಂತ್ರದ್ದು. ಇಂಗ್ಲಿಷ್ ಹೋಂವರ್ಕ್‌ಗೆ ಅದು ನಡೆಯಲ್ಲ ಅಂತಲೇ ನನ್ನ ಅನಿಸಿಕೆ. ಅಕ್ಕನಿಗೆ ಅದನ್ನು ಮುಚ್ಚಿಡೋ ಆಸೆ ಇತ್ತು, ನಾನು ಬೇಡ ಅಂದೆ.

ಸೋಮವಾರ ಅಕ್ಕ ವರ್ಷನ್ ಹಿಸ್ಟರಿ, ರಫ್ ನೋಟ್‌ಬುಕ್ ಎರಡನ್ನೂ ತಗೊಂಡು ಹೋಗಿ ಮೇಡಂಗೆ ತೋರಿಸಿ, ಕೊನೆ ಪ್ಯಾರಾದ ವಿಷಯ ತಾನೇ ಮೊದಲು ಹೇಳಿದಳು. ಮೇಡಂ ಹುಡುಗಿಯನ್ನು ಸ್ಟಾಫ್ ರೂಮಲ್ಲಿ ಕೂರಿಸಿ ಆ ಪ್ಯಾರಾವನ್ನು ಕೈಯಲ್ಲಿ ಬರೆಸಿದರು. ಗ್ರಾಮರ್ ತಪ್ಪು ನಾಲ್ಕಿದ್ದವಂತೆ. ಮಾರ್ಕ್ಸ್ ಕೊಟ್ಟರು.