ಅಸಲು ಹುಟ್ಟುವುದು ಯಾವಾಗ?

ಚಳ್ಳಕೆರೆಯಲ್ಲಿರುವ ನನ್ನ ಅಕ್ಕನ ಮಗ ಹೋದ ಶ್ರಾವಣದಲ್ಲಿ ಒಂದು ನೋಟ್‌ಬುಕ್ ಹಿಡಿದುಕೊಂಡು ಮನೆಗೆ ಬಂದ. ದಿನಸಿ ಅಂಗಡಿಯೊಂದರಲ್ಲಿ ತಿಂಗಳಿಗೆ ಹದಿನೈದು ಸಾವಿರ ಸಂಬಳಕ್ಕೆ ದುಡಿಯುತ್ತಿದ್ದವನಿಗೆ ಸ್ವಂತ ಗಾಣ ಹಾಕುವ ಹಂಬಲ. ಎಣ್ಣೆ ಮಿಲ್ಲುಗಳಿಗೆ ಹೆಸರಾದ ಊರು ಅದು, ಸುತ್ತಲೂ ಶೇಂಗಾ ಬೆಳೆಯುವ ಹೊಲ. ಮೋಟಾರಿನಿಂದ ತಿರುಗುವ ಮರದ ಗಾಣದ ಎಣ್ಣೆಯನ್ನು ಈಗ ಜನ ಹುಡುಕಿಕೊಂಡು ಬರುತ್ತಾರೆ ಎಂಬುದು ಅವನ ಲೆಕ್ಕ. ನಾನು ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ನೋಡುತ್ತಲೇ ವಯಸ್ಸು ಕಳೆದವನಾದ್ದರಿಂದ ನನ್ನ ಹತ್ತಿರ ಬಂದಿದ್ದ.

"ಮಾವ, ಆರು ಲಕ್ಷ ಹಾಕಿದರೆ ಒಂದೂವರೆ ವರ್ಷದಲ್ಲಿ ಅಸಲು ಹುಟ್ಟುತ್ತೆ ನೋಡಿ" ಎಂದ.

ಹಾಕಿದ ದುಡ್ಡು ಪೂರ್ತಿ ವಾಪಸು ಬರಲು ಹಿಡಿಯುವ ಕಾಲವನ್ನೇ ವ್ಯವಹಾರದ ಪುಸ್ತಕಗಳು ಪೇಬ್ಯಾಕ್ ಅವಧಿ ಎನ್ನುತ್ತವೆ. ನಮ್ಮ ಮಾತಿನಲ್ಲಿ ಅದು ಅಸಲು ಹುಟ್ಟುವ ಕಾಲ. ಸಣ್ಣ ವ್ಯಾಪಾರಕ್ಕೆ ಕೈಹಾಕುವ ಎಲ್ಲರೂ ಈ ಲೆಕ್ಕವನ್ನು ಒಮ್ಮೆಯಾದರೂ ಹಾಕಿಯೇ ಇರುತ್ತಾರೆ. ಆದರೆ ಅವತ್ತು ಸಂಜೆಯ ಹೊತ್ತಿಗೆ ಅದೇ ಗಾಣಕ್ಕೆ ನಮಗೆ ಮೂರು ಬೇರೆ ಬೇರೆ ಉತ್ತರ ಸಿಕ್ಕಿದ್ದವು. ಮೂರರಲ್ಲೂ ಗುಣಾಕಾರ, ಭಾಗಾಕಾರ ಸರಿಯಾಗಿಯೇ ಇತ್ತು. ಬೇರೆಯಾಗಿದ್ದದ್ದು ಲೆಕ್ಕದೊಳಗೆ ಏನನ್ನು ಸೇರಿಸಿದೆವು ಎಂಬುದು.

ಆರು ಲಕ್ಷದ ಪಟ್ಟಿಯನ್ನು ಅವನು ಶ್ರದ್ಧೆಯಿಂದ ಮಾಡಿದ್ದ. ಎರಡು ಗಾಣಕ್ಕೆ 3,20,000, ಎಣ್ಣೆ ಸೋಸುವ ಫಿಲ್ಟರ್ ಮತ್ತು ಸ್ಟೀಲ್ ಡ್ರಮ್ಮುಗಳಿಗೆ 40,000, ತ್ರೀ ಫೇಸ್ ಕರೆಂಟಿಗೆ 50,000, ಶೆಡ್ಡಿನ ಅಡ್ವಾನ್ಸ್ ಮತ್ತು ರಿಪೇರಿಗೆ 60,000, ಲೈಸೆನ್ಸು, ಬಾಟಲಿ, ಲೇಬಲ್ಲಿಗೆ 30,000. ಕೊನೆಗೆ ಸುಗ್ಗಿಯಲ್ಲಿ ಶೇಂಗಾ ಬೀಜ ಹಿಡಿದಿಟ್ಟುಕೊಳ್ಳಲು ಒಂದು ಲಕ್ಷ. ಈ ಕೊನೆಯ ಸಾಲು ನೋಡಿ ನನಗೆ ಖುಷಿಯಾಯಿತು. ಯಂತ್ರಕ್ಕೆ ಎಷ್ಟು ಎಂದು ಬರೆದು, ಗೋದಾಮಿನಲ್ಲಿ ಸದಾ ಮೂಟೆಯಾಗಿ ಕೂತಿರುವ ದುಡ್ಡನ್ನು ಮರೆತ ಅರ್ಜಿಗಳನ್ನು ನಾನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ಅದೂ ಹಾಕಿದ ಬಂಡವಾಳವೇ.

ಆದಾಯದ ಪುಟ ತೆಗೆದೆ. ಒಂದು ಲೀಟರ್ ಎಣ್ಣೆಗೆ ಸುಮಾರು ಎರಡೂವರೆ ಕೆಜಿ ಬೀಜ ಬೇಕು. ಬೀಜ, ಬಾಟಲಿಯ ಖರ್ಚು ಕಳೆದು, ಹಿಂಡಿ ಮಾರಿ ಬಂದದ್ದನ್ನು ಕೂಡಿಸಿದರೆ ಲೀಟರಿಗೆ 90 ರೂಪಾಯಿ ಉಳಿಯುತ್ತದೆ ಎಂದು ಅವನ ಅಂದಾಜು. ತಿಂಗಳಿಗೆ 500 ಲೀಟರ್ ಮಾರಿದರೆ ವರ್ಷಕ್ಕೆ 6,000 ಲೀಟರ್, ಅಂದರೆ 5,40,000. ಅದರಲ್ಲಿ ಬಾಡಿಗೆ 72,000, ಕರೆಂಟು 36,000, ಸಾಗಾಟ, ರಿಪೇರಿ, ಸೋರಿಕೆ ಎಂದು 52,000 ಕಳೆದಿದ್ದ. ಉಳಿದದ್ದು 3,80,000. ಆರು ಲಕ್ಷವನ್ನು ಇದರಿಂದ ಭಾಗಿಸಿದರೆ ಹತ್ತೊಂಬತ್ತು ತಿಂಗಳು. ಒಂದೂವರೆ ವರ್ಷದ ಮಾತು ಬಂದದ್ದು ಹೀಗೆ.

"ಗಾಣದ ಮುಂದೆ ಕೂರೋದು ಯಾರೋ?" ಎಂದೆ.

"ನಾನೇ, ಮಾವ."

"ಅಂಗಡಿ ಕೆಲಸ?"

"ಬಿಡ್ತೀನಿ."

"ಹಾಗಾದರೆ ಆ ಹದಿನೈದು ಸಾವಿರ ಎಲ್ಲಿ ಬರೆದಿದ್ದೀಯ?"

ಅವನು ಬರೆದಿರಲಿಲ್ಲ. ವರ್ಷಕ್ಕೆ 1,80,000. ಮನೆಯವರೇ ದುಡಿಯುವ ಕಡೆ ಕೂಲಿಯನ್ನು ಲೆಕ್ಕಕ್ಕೆ ಹಿಡಿಯದಿರುವುದು ನಮ್ಮಲ್ಲಿ ವಾಡಿಕೆ. ಆದರೆ ಗಾಣಕ್ಕಾಗಿ ಅವನು ಆ ಸಂಬಳ ಬಿಡುತ್ತಿದ್ದಾನೆ. ಬಂದ 3,80,000ದಲ್ಲಿ 1,80,000 ಅವನ ಮೈದುಡಿಮೆಯ ಫಲವೇ ಹೊರತು ಹಾಕಿದ ಆರು ಲಕ್ಷದ್ದಲ್ಲ. ಅದನ್ನು ತೆಗೆದರೆ ಬಂಡವಾಳ ದುಡಿದದ್ದು ವರ್ಷಕ್ಕೆ ಎರಡು ಲಕ್ಷ.

ಅದೂ ಮೊದಲ ದಿನದಿಂದಲ್ಲ. ಹೊಸ ಗಾಣಕ್ಕೆ ಗಿರಾಕಿ ಕುದುರಲು ಸಮಯ ಬೇಕು. ಮೊದಲ ವರ್ಷ ತಿಂಗಳಿಗೆ ಸರಾಸರಿ 425 ಲೀಟರ್, ಎರಡನೇ ವರ್ಷ 480, ಆಮೇಲೆ 500 ಎಂದು ಹಿಡಿದೆವು. ಬಾಡಿಗೆ, ಕರೆಂಟು, ಕೂಲಿ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಇರುತ್ತವೆ. ಹಾಗಾಗಿ ಮೊದಲ ವರ್ಷ ಕೈಗೆ ಉಳಿಯುವುದು ಸುಮಾರು 1,20,000, ಎರಡನೇ ವರ್ಷ 1,80,000, ಆಮೇಲೆ ವರ್ಷಕ್ಕೆ ಎರಡೆರಡು ಲಕ್ಷ. ಇಲ್ಲಿ ಒಂದು ಕ್ಷಣ ನಿಂತು ನೋಡಬೇಕು. ಮಾರಾಟ ಇಳಿದದ್ದು ನೂರಕ್ಕೆ ಹದಿನೈದು, ಕೈಗೆ ಬರುವ ದುಡ್ಡು ಇಳಿದದ್ದು ನೂರಕ್ಕೆ ನಲವತ್ತು. ಒಂದು ಒಳ್ಳೆಯ ವರ್ಷದ ಆದಾಯದಿಂದ ಬಂಡವಾಳವನ್ನು ಭಾಗಿಸಿ ಸುಮ್ಮನಾಗಬಾರದು, ವರ್ಷ ವರ್ಷವೂ ಬಿಡಿಬಿಡಿಯಾಗಿ ಕೂಡಿಸಬೇಕು ಎನ್ನುವುದು ಇದಕ್ಕೇ.

ಕೂಡಿಸಿದೆವು. ಮೊದಲ ವರ್ಷದ ಕೊನೆಗೆ 1,20,000, ಎರಡನೆಯದರ ಕೊನೆಗೆ ಮೂರು ಲಕ್ಷ, ಮೂರನೆಯದರ ಕೊನೆಗೆ ಐದು ಲಕ್ಷ. ಇನ್ನೊಂದು ಲಕ್ಷ ಬಾಕಿ. ನಾಲ್ಕನೇ ವರ್ಷ ಬರುವುದು ಎರಡು ಲಕ್ಷ, ಆದ್ದರಿಂದ ಅರ್ಧ ವರ್ಷ ಸಾಕು. ಪೇಬ್ಯಾಕ್ ಅವಧಿ ಮೂರೂವರೆ ವರ್ಷ. ಈ ಅರ್ಧ ಎನ್ನುವುದು ದುಡ್ಡು ತಿಂಗಳು ತಿಂಗಳೂ ಸಮನಾಗಿ ಬರುತ್ತದೆ ಎಂದುಕೊಂಡು ಹೇಳುವ ಮಾತು. ಎಣ್ಣೆ ವ್ಯಾಪಾರ ಹಬ್ಬದ ದಿನಗಳಲ್ಲಿ ಏರಿ ಆಮೇಲೆ ಇಳಿಯುತ್ತದೆ, ಒಂದೆರಡು ತಿಂಗಳು ಆಚೀಚೆ ಆಗುವುದು ಸಹಜ.

ಲೆಕ್ಕ ಬರೆಯುವವರ ಬಳಿ ಲಾಭದ ಪಟ್ಟಿ ಮಾಡಿಸಿದವರು ಇಲ್ಲೊಂದು ಎಚ್ಚರ ವಹಿಸಬೇಕು. ಆ ಪಟ್ಟಿಯಲ್ಲಿ ಯಂತ್ರದ ಸವಕಳಿ ಎಂದು ಒಂದು ಮೊತ್ತ ಕಳೆದಿರುತ್ತಾರೆ. ಆದಾಯ ತೆರಿಗೆ ಲೆಕ್ಕದಲ್ಲಿ ಇಂಥ ಯಂತ್ರಗಳಿಗೆ ಸಾಮಾನ್ಯವಾಗಿ ಶೇಕಡಾ 15. ಈ ಗಾಣ, ಫಿಲ್ಟರುಗಳ 3,60,000ಕ್ಕೆ ಮೊದಲ ವರ್ಷ 54,000 ಆಗುತ್ತದೆ. ಆ 54,000 ಯಾರ ಕೈಗೂ ಹೋಗಿಲ್ಲ, ಕಾಗದದ ಮೇಲಿನ ಖರ್ಚು ಅದು. ಯಂತ್ರದ ಪೂರ್ತಿ ಬೆಲೆಯನ್ನು ಆರು ಲಕ್ಷದೊಳಗೆ ಒಮ್ಮೆ ಹಿಡಿದಾಗಿದೆ. ಲಾಭದ ಅಂಕಿಯಿಂದ ಹೊರಟರೆ ಸವಕಳಿಯನ್ನು ವಾಪಸು ಕೂಡಿಸಿಕೊಳ್ಳಬೇಕು, ಇಲ್ಲವಾದರೆ ಒಂದೇ ಯಂತ್ರಕ್ಕೆ ಎರಡು ಸಲ ದುಡ್ಡು ಕೊಟ್ಟಂತೆ.

ಮೂರೂವರೆ ವರ್ಷಕ್ಕೆ ಹುಡುಗನ ಮುಖ ಸ್ವಲ್ಪ ಇಳಿದಿತ್ತು. ಕಾಫಿ ಕುಡಿದು ಮುಂದಿನ ಪ್ರಶ್ನೆ ಕೇಳಿದೆ. "ಈ ಆರು ಲಕ್ಷ ಬಡ್ಡಿಗೆ ಬಿಟ್ಟಿದ್ದರೆ?"

"ಒಂದು ರೂಪಾಯಿ ಬಡ್ಡಿ ಅಂದರೂ ತಿಂಗಳಿಗೆ ಆರು ಸಾವಿರ ಬರೋದು" ಎಂದ ತಕ್ಷಣ.

ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಎಂದರೆ ವರ್ಷಕ್ಕೆ ಶೇಕಡಾ 12. ಈ ಮಾತು ಗೊತ್ತಿರುವ ಯಾರಿಗೂ ಡಿಸ್ಕೌಂಟೆಡ್ ಪೇಬ್ಯಾಕ್ ಕಷ್ಟವಲ್ಲ. ಇವತ್ತಿನ ನೂರು ರೂಪಾಯಿ ಮುಂದಿನ ವರ್ಷಕ್ಕೆ 112 ಆಗುತ್ತದೆ. ಹಾಗಿದ್ದರೆ ಮುಂದಿನ ವರ್ಷ ಕೈಗೆ ಬರುವ 112ರ ಇವತ್ತಿನ ಬೆಲೆ ನೂರೇ. ಬಡ್ಡಿಯ ಲೆಕ್ಕವನ್ನೇ ಹಿಮ್ಮುಖವಾಗಿ ಓಡಿಸುವುದು ಇದು. ಮುಂದಕ್ಕೆ ಹೋಗುವಾಗ ವರ್ಷಕ್ಕೊಮ್ಮೆ 1.12ರಿಂದ ಗುಣಿಸುತ್ತೇವೆ, ಹಿಂದಕ್ಕೆ ಬರುವಾಗ ವರ್ಷಕ್ಕೊಮ್ಮೆ 1.12ರಿಂದ ಭಾಗಿಸುತ್ತೇವೆ. ಎರಡನೇ ವರ್ಷದ 1,80,000ವನ್ನು ಎರಡು ಸಲ ಭಾಗಿಸಿದರೆ 1,43,495. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಅವನ ನೋಟ್‌ಬುಕ್ಕಿನಲ್ಲಿ ಹೀಗೆ ಬರೆದುಕೊಂಡೆವು:

| ವರ್ಷ | ಕೈಗೆ ಬರುವುದು (ರೂ.) | ಇವತ್ತಿನ ಬೆಲೆ (ರೂ.) | ಕೂಡುತ್ತಾ ಹೋದರೆ (ರೂ.) |
|---|---|---|---|
| 1 | 1,20,000 | 1,07,143 | 1,07,143 |
| 2 | 1,80,000 | 1,43,495 | 2,50,638 |
| 3 | 2,00,000 | 1,42,356 | 3,92,994 |
| 4 | 2,00,000 | 1,27,104 | 5,20,098 |
| 5 | 2,00,000 | 1,13,485 | 6,33,583 |

ನಾಲ್ಕು ವರ್ಷ ಮುಗಿದರೂ ಆರು ಲಕ್ಷಕ್ಕೆ 79,902 ಬಾಕಿ. ಐದನೇ ವರ್ಷದ 1,13,485ರಲ್ಲಿ ಅಷ್ಟು ಸೇರಲು ಎಂಟೂವರೆ ತಿಂಗಳು ಬೇಕು. ಡಿಸ್ಕೌಂಟೆಡ್ ಪೇಬ್ಯಾಕ್ ನಾಲ್ಕು ವರ್ಷ ಎಂಟೂವರೆ ತಿಂಗಳು. ಮೂರೂವರೆ ವರ್ಷಕ್ಕೆ ವಾಪಸು ಬಂದದ್ದು ಆರು ಲಕ್ಷ ಎಂಬ ಎಣಿಕೆ. ಆ ಆರು ಲಕ್ಷ ಬಡ್ಡಿಗಿದ್ದರೆ ದುಡಿಯುತ್ತಿದ್ದುದೂ ಸೇರಿ ಪೂರ್ತಿ ತೀರುವುದು ಇನ್ನೂ ಹದಿನಾಲ್ಕು ತಿಂಗಳು ಕಳೆದ ಮೇಲೆ.

"ಸಾಲದ ಕಂತನ್ನೂ ಕಳೀಬೇಕಲ್ವಾ ಮಾವ?" ಎಂದು ಅವನು ಕೇಳಿದ್ದು ಒಳ್ಳೆಯ ಪ್ರಶ್ನೆ. ಈ ಲೆಕ್ಕದಲ್ಲಿ ಕಳೆಯಬಾರದು. 1.12ರಿಂದ ಭಾಗಿಸಿದಾಗಲೇ ಬಡ್ಡಿಯನ್ನು ಹಿಡಿದಾಯಿತು, ಅಸಲು ಮೊದಲಿನ ಆರು ಲಕ್ಷದಲ್ಲೇ ಇದೆ. ಕಂತನ್ನೂ ಕಳೆದರೆ ಒಳ್ಳೆಯ ಯೋಜನೆಯೂ ಕಾಗದದ ಮೇಲೆ ಮುಳುಗಿದಂತೆ ಕಾಣುತ್ತದೆ. ಕಂತು ಕಟ್ಟುವಷ್ಟು ದುಡ್ಡು ಪ್ರತಿ ತಿಂಗಳೂ ಕೈಯಲ್ಲಿರುತ್ತದೆಯೇ ಎಂಬುದನ್ನು ಖಂಡಿತ ನೋಡಬೇಕು, ಆದರೆ ಬೇರೆ ಹಾಳೆಯಲ್ಲಿ.

ಬಡ್ಡಿ ಯಾವುದು ಎಂಬುದರ ಮೇಲೆ ಉತ್ತರವೇ ತಿರುಗಿಬಿಡುತ್ತದೆ. ಇದೇ ದುಡ್ಡನ್ನು ಕೈಸಾಲವಾಗಿ ಎರಡು ರೂಪಾಯಿ ಬಡ್ಡಿಗೆ, ಎಂದರೆ ಶೇಕಡಾ 24ಕ್ಕೆ ತಂದರೆ ಏನಾಗುತ್ತದೆ ಎಂದೂ ನೋಡಿದೆವು. ದೊಡ್ಡ ರಿಪೇರಿಯಿಲ್ಲದೆ ಗಾಣ ಏಳು ವರ್ಷ ನಡೆಯುತ್ತದೆ ಎಂದುಕೊಂಡಿದ್ದೆವು. ಆ ಏಳು ವರ್ಷದ್ದನ್ನೆಲ್ಲ ಇವತ್ತಿನ ಬೆಲೆಗೆ ಇಳಿಸಿ ಕೂಡಿಸಿದರೂ 5,71,000 ದಾಟಲಿಲ್ಲ. ಆ ಬಡ್ಡಿಗೆ ಈ ಗಾಣ ಅಸಲನ್ನು ಹುಟ್ಟಿಸುವುದೇ ಇಲ್ಲ. ಸಾದಾ ಪೇಬ್ಯಾಕ್ ಮಾತ್ರ ಆಗಲೂ ಮೂರೂವರೆ ವರ್ಷ ಎಂದೇ ಹೇಳುತ್ತಿರುತ್ತದೆ, ಅದರ ಕಣ್ಣಿಗೆ ಬಡ್ಡಿ ಬೀಳುವುದಿಲ್ಲ.

ಎರಡೂ ಲೆಕ್ಕಗಳಿಗೆ ಕಾಣದ ಇನ್ನೊಂದು ಸಂಗತಿಯಿದೆ. ಅಸಲು ಹುಟ್ಟಿದ ದಿನದ ಆಚೆ ಏನಾಗುತ್ತದೆ ಎಂದು ಅವು ನೋಡುವುದಿಲ್ಲ. ಎರಡು ವರ್ಷದಲ್ಲಿ ದುಡ್ಡು ವಾಪಸು ಕೊಟ್ಟು ಮೂರನೇ ವರ್ಷ ಗುಜರಿ ಸೇರುವ ಯಂತ್ರ ಈ ಲೆಕ್ಕದಲ್ಲಿ ಗಾಣಕ್ಕಿಂತ ಮೇಲಾಗಿ ಕಾಣುತ್ತದೆ. ಹಾಗಾಗಿ ಎರಡು ಯೋಜನೆಗಳಲ್ಲಿ ಒಂದನ್ನು ಆರಿಸುವುದಕ್ಕೆ ನಾನು ಪೇಬ್ಯಾಕ್ ಒಂದನ್ನೇ ನಂಬುವುದಿಲ್ಲ. ಅದು ಚೆನ್ನಾಗಿ ಹೇಳುವುದು ಒಂದೇ ವಿಷಯ: ನಿಮ್ಮ ದುಡ್ಡು ಎಷ್ಟು ದಿನ ಅಪಾಯದಲ್ಲಿರುತ್ತದೆ. ಅಷ್ಟು ದಿನವೂ ಗಾಣ ತಿರುಗುತ್ತಲೇ ಇರಬೇಕು.

ಈ ಮಾತು ಬಂದಾಗಲೇ ನನಗೆ ಶೆಡ್ಡಿನ ನೆನಪಾದದ್ದು. ಕರಾರುಪತ್ರ ತೋರಿಸು ಎಂದೆ. ಹನ್ನೊಂದು ತಿಂಗಳದ್ದು. ತ್ರೀ ಫೇಸ್ ಕರೆಂಟು ಎಳೆಸಿ, ನೆಲಕ್ಕೆ ಕಾಂಕ್ರೀಟ್ ಹಾಕಿ ಗಾಣ ಕೂರಿಸಿದ ಮೇಲೆ ಮಾಲೀಕ ಬಿಡು ಎಂದರೆ ಐದು ವರ್ಷದ ಲೆಕ್ಕ ಒಂದನೇ ವರ್ಷಕ್ಕೇ ಮುಗಿಯುತ್ತದೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು, ಅದಕ್ಕೆ ಖರ್ಚೂ ಇದೆ, ಮಾಲೀಕರು ಸುಲಭಕ್ಕೆ ಒಪ್ಪುವುದೂ ಇಲ್ಲ.

ಅಕ್ಕನ ಮಗ ಗಾಣಕ್ಕೆ ಅಡ್ವಾನ್ಸ್ ಕೊಡುವುದನ್ನು ಎರಡು ತಿಂಗಳು ತಡೆಹಿಡಿದ. ಶೆಡ್ಡಿನ ಮಾಲೀಕರನ್ನು ಒಪ್ಪಿಸಿ, ಬಾಡಿಗೆಯನ್ನು ಅಷ್ಟಕ್ಕೇ ನಿಲ್ಲಿಸಿಕೊಂಡು, ಕಾರ್ತಿಕದಲ್ಲಿ ಆರು ವರ್ಷದ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿದ. ಗಾಣಕ್ಕೆ ಆರ್ಡರ್ ಕೊಟ್ಟದ್ದು ಅದರ ಮಾರನೇ ದಿನ.